ಒಣಗಿದ ಸೋರಿಕೆಯ ಗುರುತು: ಮಧುಮೇಹಿಯ ರೆಟಿನಾ ಚಿತ್ರವನ್ನು ಓದುವ ಬಗೆ

ಮಧುಮೇಹ ಇರುವವರ ಕಣ್ಣಿನ ಹಿಂಭಾಗದ ಚಿತ್ರವನ್ನು ಮೊದಲ ಬಾರಿಗೆ ನೋಡುವವರ ದೃಷ್ಟಿ ನೇರವಾಗಿ ಕೆಂಪು ಚುಕ್ಕೆಗಳ ಮೇಲೆ ನಿಲ್ಲುತ್ತದೆ. ರಕ್ತ ಕಂಡರೆ ಅಳುಕುವುದು ಸಹಜ. ಆದರೆ ಈ ರೋಗದಲ್ಲಿ ಬಹಳಷ್ಟು ಸಲ ಓದುವ ಶಕ್ತಿಯನ್ನು ಕುಗ್ಗಿಸುವುದು ಆ ರಕ್ತವಲ್ಲ, ಸಣ್ಣ ನಾಳಗಳಿಂದ ಜಿನುಗಿ ರೆಟಿನಾದೊಳಗೆ ತುಂಬಿಕೊಳ್ಳುವ ಬಣ್ಣವಿಲ್ಲದ ದ್ರವ. ಆ ದ್ರವ ಚಿತ್ರದಲ್ಲಿ ಕಾಣುವುದೇ ಇಲ್ಲ. ಹಾಗಾದರೆ ಸೋರಿಕೆಯನ್ನು ಚಿತ್ರದಿಂದ ಪತ್ತೆ ಹಚ್ಚುವುದು ಹೇಗೆ, ಆ ಪತ್ತೆಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕ್ಯಾಮೆರಾ ಏನನ್ನು ಹಿಡಿಯುತ್ತದೆ ಎಂಬುದು ಸ್ಪಷ್ಟವಾಗಬೇಕು. ರೆಟಿನಾ ಎಂಬುದು ಕಾಲು ಮಿಲಿಮೀಟರಿನಷ್ಟು ದಪ್ಪದ, ಬಹುಮಟ್ಟಿಗೆ ಪಾರದರ್ಶಕವಾದ ಪದರ. ಚಿತ್ರದಲ್ಲಿ ಕಾಣುವ ಕಿತ್ತಳೆ ಬಣ್ಣ ಅದರದಲ್ಲ. ಅದರ ಹಿಂದಿರುವ ವರ್ಣದ್ರವ್ಯ ಮತ್ತು ಇನ್ನೊಂದು ರಕ್ತನಾಳ ಪದರದ್ದು. ರೆಟಿನಾದ ನಾಳಗಳ ಗೋಡೆಗಳೂ ಪಾರದರ್ಶಕವೇ, ಆದ್ದರಿಂದ ನಾವು ‘ನಾಳ’ ಎಂದು ಗುರುತಿಸುವುದು ವಾಸ್ತವದಲ್ಲಿ ಅದರೊಳಗೆ ಹರಿಯುವ ರಕ್ತದ ಗೆರೆಯನ್ನು. ಫಂಡಸ್ ಕ್ಯಾಮೆರಾ ತನ್ನ ಬೆಳಕನ್ನು ಉಂಗುರದ ಆಕಾರದಲ್ಲಿ ಪಾಪೆಯ ಅಂಚಿನ ಭಾಗದಿಂದ ಒಳಗೆ ಕಳುಹಿಸಿ, ಮರಳಿ ಬರುವ ಬೆಳಕನ್ನು ಪಾಪೆಯ ನಡುಭಾಗದಿಂದ ಹಿಡಿಯುತ್ತದೆ. ಹೀಗೆ ಮಾಡದಿದ್ದರೆ ಕಣ್ಣಿನ ಮುಂಭಾಗದ ಕಾರ್ನಿಯಾದಿಂದ ಪ್ರತಿಫಲಿಸುವ ಬೆಳಕು ಇಡೀ ಚಿತ್ರವನ್ನು ಮಂಕಾಗಿಸುತ್ತಿತ್ತು. ಪಾಪೆ ಕಿರಿದಾಗಿದ್ದರೆ ಈ ಎರಡು ದಾರಿಗಳಿಗೂ ಜಾಗ ಸಾಲದೆ ಚಿತ್ರದ ಒಂದು ಬದಿಯಲ್ಲಿ ನೆರಳು ಬೀಳುತ್ತದೆ. ಪಾಪೆಯನ್ನು ಹಿಗ್ಗಿಸುವ ಹನಿ ಹಾಕುವುದು ಇದಕ್ಕಾಗಿಯೇ.

ಸಾಮಾನ್ಯವಾಗಿ ತಪಾಸಣೆಯಲ್ಲಿ ತೆಗೆಯುವ 45 ಡಿಗ್ರಿ ವ್ಯಾಪ್ತಿಯ ಚಿತ್ರ ರೆಟಿನಾದ ಸುಮಾರು 13 ಮಿಲಿಮೀಟರ್ ಅಗಲವನ್ನು ಆವರಿಸುತ್ತದೆ. ಅದು ಅಡ್ಡಲಾಗಿ 2000 ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್‌ಗೆ ಆರು ಮೈಕ್ರಾನ್‌ಗಿಂತ ತುಸು ಹೆಚ್ಚು ಜಾಗ ಬರುತ್ತದೆ. ಲೋಮನಾಳ ಎಂದು ಕರೆಯುವ ಅತಿ ಸಣ್ಣ ರಕ್ತನಾಳದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಅದು ಚಿತ್ರದಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಮಧುಮೇಹದ ಹಾನಿ ಶುರುವಾಗುವುದು ಮಾತ್ರ ಈ ಕಾಣದ ನಾಳಗಳಲ್ಲೇ.

ಲೋಮನಾಳದ ಗೋಡೆಯನ್ನು ಹೊರಗಿನಿಂದ ಅಪ್ಪಿ ಹಿಡಿದಿರುವ ಪೆರಿಸೈಟ್ ಎಂಬ ಕೋಶಗಳಿವೆ, ರೆಟಿನಾದಲ್ಲಿ ಇವುಗಳ ದಟ್ಟಣೆ ವಿಶೇಷವಾಗಿ ಹೆಚ್ಚು. ವರ್ಷಗಟ್ಟಲೆ ಸಕ್ಕರೆ ಪ್ರಮಾಣ ಏರಿದ್ದಾಗ ಇವು ಒಂದೊಂದಾಗಿ ಸಾಯುತ್ತವೆ. ಆಸರೆ ತಪ್ಪಿದ ಜಾಗದಲ್ಲಿ ಗೋಡೆ ಒಳಗಿನ ಒತ್ತಡಕ್ಕೆ ಉಬ್ಬಿ, ಸಣ್ಣ ಗುಳ್ಳೆಯಂತೆ ಹೊರಚಾಚುತ್ತದೆ. ಇದೇ ಮೈಕ್ರೋಅನ್ಯೂರಿಸಂ. ಅರವತ್ತು ಮೈಕ್ರಾನ್ ಅಗಲದ ಗುಳ್ಳೆ ನಮ್ಮ ಲೆಕ್ಕದ ಚಿತ್ರದಲ್ಲಿ ಒಂಬತ್ತು ಹತ್ತು ಪಿಕ್ಸೆಲ್‌ಗಳನ್ನು ತುಂಬುತ್ತದೆ. ಅಂದರೆ ಅದನ್ನು ಹೊತ್ತ ನಾಳ ಕಾಣದಿದ್ದರೂ ಗುಳ್ಳೆ ಚೂಪಾದ ಅಂಚಿನ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ರೋಗದ ಮೊದಲ ಗುರುತು ಸಾಮಾನ್ಯವಾಗಿ ಇದೇ.

ಗುಳ್ಳೆಯೋ ಲೋಮನಾಳವೋ ಒಡೆದರೆ ರಕ್ತ ರೆಟಿನಾದೊಳಕ್ಕೆ ಹರಿಯುತ್ತದೆ. ಆ ಕಲೆಯ ಆಕಾರ ರಕ್ತ ಎಷ್ಟು ಆಳದಲ್ಲಿ ನಿಂತಿದೆ ಎಂಬುದನ್ನು ಹೇಳುತ್ತದೆ. ಮೇಲ್ಪದರದಲ್ಲಿ ನರದ ಎಳೆಗಳು ಬಾಚಿದ ಕೂದಲಿನಂತೆ ಒಂದೇ ದಿಕ್ಕಿಗೆ ಮಲಗಿರುವುದರಿಂದ ಅಲ್ಲಿ ಹರಿದ ರಕ್ತ ಎಳೆಗಳ ಗುಂಟ ಚಾಚಿ ಜ್ವಾಲೆಯ ಆಕಾರ ತಾಳುತ್ತದೆ. ಒಳಪದರಗಳಲ್ಲಿ ಕೋಶಗಳು ಲಂಬವಾಗಿ ಒತ್ತೊತ್ತಾಗಿ ನಿಂತಿರುವುದರಿಂದ ರಕ್ತಕ್ಕೆ ಬದಿಗೆ ಹರಡಲು ದಾರಿಯಿಲ್ಲದೆ ಅದು ದುಂಡನೆಯ ಮಚ್ಚೆಯಾಗಿ ನಿಲ್ಲುತ್ತದೆ. ಮಧುಮೇಹದಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ಬಗೆ. ಒಂದು ಪುಟ್ಟ ಚುಕ್ಕೆ ಗುಳ್ಳೆಯೋ ರಕ್ತಸ್ರಾವವೋ ಎಂದು ಬರಿಯ ಬಣ್ಣದ ಚಿತ್ರದಿಂದ ನಿರ್ಧರಿಸುವುದು ಅನುಭವಿಗಳಿಗೂ ಕಷ್ಟ. ಅದಕ್ಕಾಗಿ 125 ಮೈಕ್ರಾನ್‌ಗಿಂತ ಚಿಕ್ಕದಾಗಿ ಅಂಚು ಚೂಪಾಗಿದ್ದರೆ ಗುಳ್ಳೆ, ಅದಕ್ಕಿಂತ ದೊಡ್ಡದಾಗಿದ್ದರೆ ಸಾಮಾನ್ಯವಾಗಿ ರಕ್ತಸ್ರಾವ ಎಂಬ ಅಳತೆಯನ್ನು ಇಟ್ಟುಕೊಂಡಿದ್ದಾರೆ. ದೃಷ್ಟಿನರ ಕಣ್ಣಿನೊಳಗೆ ತೆರೆದುಕೊಳ್ಳುವ ತಿಳಿಬಣ್ಣದ ಬಿಲ್ಲೆಯ ಅಂಚನ್ನು ದಾಟುವಲ್ಲಿ ದೊಡ್ಡ ಅಭಿಧಮನಿಯ ಅಗಲ ಹೆಚ್ಚುಕಡಿಮೆ ಇಷ್ಟೇ ಇರುವುದರಿಂದ, ಅಳತೆಪಟ್ಟಿ ಚಿತ್ರದೊಳಗೇ ಸಿಕ್ಕಂತಾಯಿತು. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ, ಚಿತ್ರದ ಹಸಿರು ಭಾಗವನ್ನಷ್ಟೇ ಬೇರ್ಪಡಿಸಿ ನೋಡಿದರೆ ಬಣ್ಣದಲ್ಲಿ ಮಸುಕಾಗಿದ್ದ ಚುಕ್ಕೆಗಳು ಕಪ್ಪಾಗಿ ಎದ್ದು ಕಾಣುತ್ತವೆ.

ಇನ್ನು ಸೋರಿಕೆ. ಗುಳ್ಳೆಯ ಗೋಡೆ ಒಡೆಯದೆಯೂ ಜಿನುಗಬಲ್ಲದು. ಹೊರಬರುವುದು ರಕ್ತಕಣಗಳಲ್ಲ, ಕೊಬ್ಬು ಮತ್ತು ಪ್ರೋಟೀನು ಕರಗಿರುವ ತಿಳಿ ದ್ರವ. ಪಾರದರ್ಶಕ ರೆಟಿನಾದೊಳಗೆ ಪಾರದರ್ಶಕ ದ್ರವ ತುಂಬಿದರೆ ಕ್ಯಾಮೆರಾಕ್ಕೆ ಏನೂ ತಿಳಿಯುವುದಿಲ್ಲ. ಆದರೆ ದ್ರವ ಸೋರುವ ಜಾಗದಿಂದ ಸುತ್ತಲೂ ಹರಡುತ್ತ ಹೋದಂತೆ, ಹೊರ ಅಂಚಿನಲ್ಲಿರುವ ಆರೋಗ್ಯವಂತ ನಾಳಗಳು ಅದರ ನೀರನ್ನು ಮರಳಿ ಹೀರಿಕೊಳ್ಳುತ್ತವೆ. ಕೊಬ್ಬನ್ನು ಅವು ಅಷ್ಟು ಬೇಗ ಹೀರಲಾರವು. ನೀರು ಬತ್ತಿದ ಹೊಂಡದ ದಡದಲ್ಲಿ ಉಪ್ಪಿನ ಗೆರೆ ಉಳಿಯುವಂತೆ ಅಲ್ಲಿ ಹಳದಿ ಮೇಣದಂಥ ಕಣಗಳು ಕೂಡುತ್ತವೆ. ಇವುಗಳನ್ನು ಹಾರ್ಡ್ ಎಕ್ಸುಡೇಟ್ ಎನ್ನುತ್ತಾರೆ. ಇವು ಹಲವು ಸಲ ಉಂಗುರದ ಆಕಾರದಲ್ಲಿ ಜೋಡಣೆಗೊಳ್ಳುತ್ತವೆ, ಉಂಗುರದ ನಡುವೆ ಹುಡುಕಿದರೆ ಸೋರುತ್ತಿರುವ ಗುಳ್ಳೆ ಸಿಗುತ್ತದೆ. ಸೋರಿಕೆಯ ತಾಣ ಹಳದಿ ಇರುವಲ್ಲಿ ಅಲ್ಲ, ಹಳದಿ ಸುತ್ತುವರಿದಿರುವಲ್ಲಿ.

ಹೆಸರುಗಳ ಬಗ್ಗೆ ಒಂದು ಮಾತು. ‘ಹಾರ್ಡ್’ ಎಂಬುದಕ್ಕೆ ಜೊತೆಯಾಗಿ ಹಿಂದೆ ‘ಸಾಫ್ಟ್ ಎಕ್ಸುಡೇಟ್’ ಎಂಬ ಹೆಸರೂ ಇತ್ತು, ಹತ್ತಿಯ ಉಂಡೆಯಂತೆ ಅಂಚು ಮಸುಕಾದ ಬಿಳಿ ಮಚ್ಚೆಗಳಿಗೆ ಹಾಗೆ ಕರೆಯುತ್ತಿದ್ದರು. ಆ ಹೆಸರು ಮರೆಯಾಗುತ್ತಿರುವುದು ಒಳ್ಳೆಯದೇ, ಏಕೆಂದರೆ ಅಲ್ಲಿ ಏನೂ ಸೋರಿರುವುದಿಲ್ಲ. ಸಣ್ಣ ನಾಳವೊಂದು ಕಟ್ಟಿಕೊಂಡು, ನರದ ಎಳೆಗಳೊಳಗಿನ ಸಾಗಾಟ ನಿಂತು ಎಳೆಗಳು ಊದಿಕೊಂಡ ಗುರುತು ಅದು. ವಯಸ್ಸಿನೊಂದಿಗೆ ರೆಟಿನಾದ ಅಡಿಯಲ್ಲಿ ಕೂಡುವ ಡ್ರೂಸನ್ ಎಂಬ ಮಂದ ಹಳದಿ ಚುಕ್ಕೆಗಳೂ ಎಕ್ಸುಡೇಟ್‌ಗಳೆಂಬ ಭ್ರಮೆ ಹುಟ್ಟಿಸುತ್ತವೆ. ಅವು ಎಕ್ಸುಡೇಟ್‌ನಷ್ಟು ಹೊಳೆಯುವುದಿಲ್ಲ, ಸುತ್ತಮುತ್ತ ಕೆಂಪು ಚುಕ್ಕೆಗಳೂ ಇರಬೇಕೆಂದಿಲ್ಲ. ಲೆನ್ಸಿನ ಮೇಲಿನ ಧೂಳಂತೂ ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಬರುವುದರಿಂದ ಬೇಗ ಸಿಕ್ಕಿಬೀಳುತ್ತದೆ.

ಈಗ ಕಲ್ಪಿತ ರೋಗಿಯೊಬ್ಬರ ಎರಡು ಕಣ್ಣುಗಳ ಚಿತ್ರಗಳನ್ನು ಎದುರಿಗಿಟ್ಟುಕೊಳ್ಳೋಣ. ಎಡಗಣ್ಣಿನಲ್ಲಿ ಹದಿನಾಲ್ಕು ಸಣ್ಣ ಕೆಂಪು ಚುಕ್ಕೆಗಳು, ನಾಲ್ಕು ದೊಡ್ಡ ಮಚ್ಚೆಗಳು, ಜೊತೆಗೆ ಒಂದು ಅರೆಬರೆ ಹಳದಿ ಉಂಗುರ. ದೃಷ್ಟಿ 6/6. ಬಲಗಣ್ಣಿನಲ್ಲಿ ಮೂರೇ ಕೆಂಪು ಚುಕ್ಕೆಗಳು, ಹಳದಿ ಎಲ್ಲೂ ಇಲ್ಲ. ದೃಷ್ಟಿ 6/12, ಕನ್ನಡಕ ಬದಲಿಸಿದರೂ ಸುಧಾರಿಸುವುದಿಲ್ಲ, ಪೊರೆಯೂ ಇಲ್ಲ.

ಎಡಗಣ್ಣಿನ ರಕ್ತಸ್ರಾವದ ಲೆಕ್ಕ ಮೊದಲು. ರೆಟಿನಾವನ್ನು ನಾಲ್ಕು ಪಾಲಾಗಿಸಿ, ನಾಲ್ಕರಲ್ಲೂ ಇಪ್ಪತ್ತಕ್ಕಿಂತ ಹೆಚ್ಚು ರಕ್ತಸ್ರಾವಗಳು ಇದ್ದರೆ ಅದನ್ನು ತೀವ್ರ ಹಂತವೆಂದು ಪರಿಗಣಿಸುತ್ತಾರೆ. ಅಭಿಧಮನಿಗಳು ಮಣಿಸರದಂತೆ ಉಬ್ಬುತಗ್ಗಾಗಿರುವುದು ಮೊದಲಾದ ಬೇರೆ ಲಕ್ಷಣಗಳೂ ಆ ಹಂತಕ್ಕೆ ಒಯ್ಯಬಲ್ಲವು, ಇಲ್ಲಿ ಅವು ಯಾವುವೂ ಇಲ್ಲ. ಆದ್ದರಿಂದ ಇದು ಮಧ್ಯಮ ಹಂತ. ಮುಂದಿನ ಪ್ರಶ್ನೆ ಉಂಗುರ ಎಲ್ಲಿದೆ ಎಂಬುದು. ಓದುವಾಗ ನಾವು ಬಳಸುವುದು ಫೋವಿಯಾ ಎಂಬ ನಡುಬಿಂದುವನ್ನು. ದೂರವನ್ನು ಅಳೆಯಲು ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ದೃಷ್ಟಿನರದ ಬಿಲ್ಲೆಯೇ ಅಳತೆಗೋಲು. ಉಂಗುರದ ಹತ್ತಿರದ ಅಂಚು ಫೋವಿಯಾದಿಂದ ಅರ್ಧ ಬಿಲ್ಲೆಯಷ್ಟು ದೂರದಲ್ಲಿದೆ. ಇಂಗ್ಲೆಂಡಿನ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮದ ನಿಯಮದಂತೆ, ಫೋವಿಯಾದ ನಡುವಿನಿಂದ ಒಂದು ಬಿಲ್ಲೆಯ ಅಂತರದೊಳಗೆ ಎಕ್ಸುಡೇಟ್ ಇದ್ದರೆ ದೃಷ್ಟಿ ಚೆನ್ನಾಗಿದ್ದರೂ ಫೋವಿಯಾವನ್ನು ಒಳಗೊಂಡ ನಡುಭಾಗವಾದ ಮ್ಯಾಕ್ಯುಲಾದಲ್ಲಿ ಊತವಿರಬಹುದೆಂದು ಅನುಮಾನಿಸಬೇಕು.

ಬಲಗಣ್ಣಿನ ಚಿತ್ರ ಎಡಕ್ಕಿಂತ ಎಷ್ಟೋ ಸ್ವಚ್ಛ. ಚಿತ್ರವೊಂದನ್ನೇ ನೋಡಿದವರು ಮುಂದಿನ ವರ್ಷ ಬನ್ನಿ ಎಂದು ಕಳುಹಿಸಿಬಿಡುತ್ತಿದ್ದರು. ಆದರೆ ಮೂರು ಚುಕ್ಕೆಗಳಲ್ಲಿ ಒಂದು ಫೋವಿಯಾಕ್ಕೆ ತೀರ ಹತ್ತಿರದಲ್ಲಿದೆ. ಅದೇ ನಿಯಮಾವಳಿಯ ಇನ್ನೊಂದು ಭಾಗ ಇಂಥ ಕಣ್ಣಿಗಾಗಿಯೇ ಇದೆ: ಒಂದು ಬಿಲ್ಲೆಯ ಅಂತರದೊಳಗೆ ಬರಿಯ ಒಂದು ಕೆಂಪು ಚುಕ್ಕೆ ಇದ್ದು, ದೃಷ್ಟಿ 6/12 ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಅದನ್ನೂ ಅನುಮಾನದ ಪಟ್ಟಿಗೆ ಸೇರಿಸಬೇಕು. ಚಿತ್ರ ತೆಗೆಯುವ ದಿನವೇ ಅಕ್ಷರಫಲಕವನ್ನೂ ಓದಿಸುವುದು ವಾಡಿಕೆಯ ಮಾತಾಗಿ ತೋರಬಹುದು. ನನ್ನ ದೃಷ್ಟಿಯಲ್ಲಿ ಕ್ಯಾಮೆರಾದ ಕುರುಡನ್ನು ತುಂಬುವ ಅರ್ಧ ಕೆಲಸ ಅದರದೇ.

ಅನುಮಾನವನ್ನು ಬಗೆಹರಿಸಲು ಎರಡು ದಾರಿಗಳಿವೆ. ಹಳೆಯದು 1961ರಲ್ಲಿ ನೊವೋಟ್ನಿ ಮತ್ತು ಆಲ್ವಿಸ್ ಎಂಬ ಇಬ್ಬರು ಪ್ರಕಟಿಸಿದ ವಿಧಾನ. ತೋಳಿನ ಅಭಿಧಮನಿಗೆ ಫ್ಲೋರೆಸೀನ್ ಬಣ್ಣವನ್ನು ಚುಚ್ಚಿ, ನೀಲಿ ಬೆಳಕು ಹಾಯಿಸಿ, ಅದು ಹೊಮ್ಮಿಸುವ ಹಸಿರು ಬೆಳಕಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತಾರೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಬಣ್ಣ ಕಣ್ಣನ್ನು ತಲುಪುತ್ತದೆ. ಗುಳ್ಳೆಗಳು ನಕ್ಷತ್ರಗಳಂತೆ ಬೆಳಗುತ್ತವೆ, ರಕ್ತಸ್ರಾವಗಳು ಕಪ್ಪಾಗಿಯೇ ಉಳಿಯುತ್ತವೆ, ಹೀಗೆ ಹಿಂದೆ ಹೇಳಿದ ಗೊಂದಲ ಇಲ್ಲಿ ತೀರುತ್ತದೆ. ನಿಮಿಷಗಳು ಕಳೆದಂತೆ ಯಾವ ಚುಕ್ಕೆಯ ಅಂಚು ಕದಡಿ ಹರಡುತ್ತ ಹೋಗುತ್ತದೋ ಅದು ಸೋರುತ್ತಿದೆ. ಇನ್ನೊಂದು ದಾರಿ ಚುಚ್ಚುಮದ್ದಿಲ್ಲದ ಓಸಿಟಿ ಸ್ಕ್ಯಾನ್. ಇದು ರೆಟಿನಾದ ಪದರಗಳಿಂದ ಮರಳುವ ಬೆಳಕನ್ನು ಅಳೆದು ಅದರ ಅಡ್ಡಕೊಯ್ತವನ್ನು ತೋರಿಸುತ್ತದೆ. ಸೋರಿಕೆಯ ದಾರಿಯನ್ನಲ್ಲ, ಸೇರಿಕೊಂಡ ದ್ರವವನ್ನು ಮತ್ತು ದಪ್ಪವನ್ನು ಇದು ನೇರವಾಗಿ ಕೊಡುತ್ತದೆ.

ನಮ್ಮ ರೋಗಿಯ ಎಡಗಣ್ಣಿನಲ್ಲಿ ಉಂಗುರದ ನಡುವೆ ರೆಟಿನಾ ದಪ್ಪಗಾಗಿದೆ, ಆದರೆ ಫೋವಿಯಾದಲ್ಲಿ ದಪ್ಪ 260 ಮೈಕ್ರಾನ್, ಅಂದರೆ ಸಹಜ. ಊತ ನಡುಬಿಂದುವನ್ನು ಮುಟ್ಟಿಲ್ಲದ ಕಾರಣ ಸದ್ಯಕ್ಕೆ ಚಿಕಿತ್ಸೆ ಬೇಡ, ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಸಾಕು. ಸ್ವಚ್ಛವಾಗಿ ಕಂಡ ಬಲಗಣ್ಣಿನಲ್ಲಿ ಫೋವಿಯಾದ ದಪ್ಪ 420 ಮೈಕ್ರಾನ್, ಒಳಗೆ ದ್ರವ ತುಂಬಿದ ಕೋಣೆಗಳು. ಸೋರಿಕೆ ಇನ್ನೂ ಜೋರಾಗಿ ನಡೆದಿದ್ದರಿಂದ ದಡದಲ್ಲಿ ಗೆರೆ ಮೂಡಿರಲಿಲ್ಲ. ಆ ಕಣ್ಣಿಗೆ ನಾಳಗಳ ಜಿನುಗುವಿಕೆಯನ್ನು ತಗ್ಗಿಸುವ ಮದ್ದನ್ನು ತಿಂಗಳಿಗೊಮ್ಮೆಯಂತೆ ಚುಚ್ಚಲಾಗುತ್ತದೆ. ಮೂರು ಚುಚ್ಚುಮದ್ದುಗಳ ಬಳಿಕ ದಪ್ಪ 290ಕ್ಕೆ ಇಳಿದು ದೃಷ್ಟಿ 6/9ಕ್ಕೆ ಬರುತ್ತದೆ. ಅದೇ ದಿನ ತೆಗೆದ ಬಣ್ಣದ ಚಿತ್ರದಲ್ಲಿ ಮಾತ್ರ ಹಿಂದೆ ಇಲ್ಲದಿದ್ದ ಏಳೆಂಟು ಹಳದಿ ಕಣಗಳು ಹೊಸದಾಗಿ ಕಾಣಿಸಿಕೊಂಡಿವೆ. ನೀರು ಬೇಗ ಇಂಗಿದಾಗ ಕೊಬ್ಬು ಹಿಂದುಳಿದು ಹೀಗೆ ಗೋಚರಿಸುವುದುಂಟು, ಅದು ಕರಗಲು ಇನ್ನೂ ಹಲವು ತಿಂಗಳು ಹಿಡಿಯುತ್ತದೆ. ಸ್ಕ್ಯಾನ್ ಇಲ್ಲದೆ ಈ ಎರಡು ಚಿತ್ರಗಳನ್ನಷ್ಟೇ ಪಕ್ಕಪಕ್ಕದಲ್ಲಿಟ್ಟು ನೋಡಿದವರು ಕಣ್ಣು ಹದಗೆಟ್ಟಿದೆ ಎಂದೇ ಬರೆಯುತ್ತಿದ್ದರು.