‘ದುಡ್ಡು ಹಾಕಿದ್ದೀವಿ ಸರ್’ ಅಂದಾಗ ಏನು ಕೇಳಬೇಕು?

‘ಮೊನ್ನೇನೇ ಹಾಕಿದ್ದೀವಲ್ಲ ಸರ್’ ಅಂತ ಗ್ರಾಹಕರು ಹೇಳುತ್ತಾರೆ. ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಆ ಮೊತ್ತ ಇರುವುದಿಲ್ಲ. ಇಲ್ಲಿ ‘ಬಂದಿಲ್ಲ’ ಅಂತ ವಾದಕ್ಕೆ ಇಳಿಯಬೇಡಿ. ಯಾವ ಬಿಲ್‌ಗೆ ಎಷ್ಟು ಕಳಿಸಿದರು ಅನ್ನುವ ವಿವರ, ಅಂದರೆ ಪೇಮೆಂಟ್ ಅಡ್ವೈಸ್ ಕೇಳಿ.

ಎಷ್ಟೋ ಸಲ ದುಡ್ಡು ಬಂದಿರುತ್ತದೆ, ನಾವು ಹುಡುಕುವ ಮೊತ್ತ ಬೇರೆ ಇರುತ್ತದೆ. ಒಂದು ಕಂಪನಿ ಗುತ್ತಿಗೆ ಕೆಲಸಕ್ಕೆ ಎರಡು ಬಿಲ್ ಕೊಟ್ಟಿದೆ ಅನ್ನಿ. ಜಿಎಸ್‌ಟಿ ಸೇರಿ ಒಂದು 1,18,000 ರೂಪಾಯಿ, ಇನ್ನೊಂದು 59,000. ಗ್ರಾಹಕರು ಎರಡನ್ನೂ ಸೇರಿಸಿ, ಜಿಎಸ್‌ಟಿ ಬಿಟ್ಟು ಉಳಿದ 1,50,000ಕ್ಕೆ 2% ಟಿಡಿಎಸ್ ಹಿಡಿದು, 1,74,000 ಒಟ್ಟಿಗೆ ಕಳಿಸುತ್ತಾರೆ. ನಮ್ಮ ಅಕೌಂಟೆಂಟ್ 1,18,000 ಹುಡುಕುತ್ತಾ ಕೂತಿದ್ದರೆ ಎಲ್ಲಿ ಸಿಗಬೇಕು? ಸೋದರ ಸಂಸ್ಥೆಯ ಖಾತೆಯಿಂದ ಹಾಕಿದ್ದರಂತೂ ಹೆಸರೂ ಹೊಂದುವುದಿಲ್ಲ.

ಯುಟಿಆರ್, ಅಂದರೆ ಹಣ ಹೊರಟಾಗ ಬ್ಯಾಂಕು ಆ ವರ್ಗಾವಣೆಗೆ ಕೊಡುವ ನಂಬರ್, ಗೊತ್ತಾದರೆ ಹುಡುಕುವುದು ಸುಲಭ. ಅದಕ್ಕೇ ನಾನು ಹೀಗೆ ಬರೆಯಲು ಹೇಳುತ್ತೇನೆ: ‘ಸರ್, ನಮ್ಮ ಖಾತೆಯಲ್ಲಿ ಈ ಮೊತ್ತ ಇನ್ನೂ ಕಾಣುತ್ತಿಲ್ಲ. ದಯವಿಟ್ಟು ಯುಟಿಆರ್ ನಂಬರ್, ಕಳಿಸಿದ ದಿನ, ಒಟ್ಟು ಮೊತ್ತ, ಹಣ ಯಾವ ಖಾತೆಗೆ ಹಾಕಿದ್ದೀರೋ ಅದರ ಕೊನೆಯ ನಾಲ್ಕು ಅಂಕಿ ತಿಳಿಸಿ. ಯಾವ ಬಿಲ್‌ಗೆ ಎಷ್ಟು, ಟಿಡಿಎಸ್ ಎಷ್ಟು ಅನ್ನೋದನ್ನೂ ಬರೆದರೆ ಇವತ್ತೇ ಲೆಡ್ಜರ್ ಸರಿ ಮಾಡ್ತೀವಿ.’ ಇದರಲ್ಲಿ ಅನುಮಾನದ ದನಿ ಇಲ್ಲ, ಹಾಗಾಗಿ ಉತ್ತರವೂ ಬೇಗ ಬರುತ್ತದೆ.

ಬರೀ ಸ್ಕ್ರೀನ್‌ಶಾಟ್ ಬಂದರೆ ಗಮನವಿಟ್ಟು ನೋಡಿ. ಕಂಪನಿಗಳ ನೆಟ್‌ಬ್ಯಾಂಕಿಂಗ್‌ನಲ್ಲಿ ಸಾಮಾನ್ಯವಾಗಿ ಒಬ್ಬರು ಎಂಟ್ರಿ ಮಾಡುತ್ತಾರೆ, ಇನ್ನೊಬ್ಬರು ಒಪ್ಪಿಗೆ ಕೊಡಬೇಕು. ಎಂಟ್ರಿ ಆದ ಕೂಡಲೇ ಒಂದು ರೆಫರೆನ್ಸ್ ನಂಬರ್ ಬರುತ್ತದೆ. ಸಾಹೇಬರು ಊರಲ್ಲಿಲ್ಲದಿದ್ದರೆ ದುಡ್ಡು ಅಲ್ಲೇ ಕೂತಿರುತ್ತದೆ. ಎಂಟ್ರಿ ಮಾಡಿದವರು ‘ಹಾಕಿದ್ದೀವಿ’ ಅನ್ನುವುದು ಸುಳ್ಳಲ್ಲ, ಅವರ ಪಾಲಿನ ಕೆಲಸ ಮುಗಿದಿದೆ ಅಷ್ಟೆ. ಯುಟಿಆರ್ ಬೇರೆ. ನೆಫ್ಟ್‌ನಲ್ಲಿ ಸಾಮಾನ್ಯವಾಗಿ 16 ಅಕ್ಷರ-ಅಂಕಿ, ಆರ್‌ಟಿಜಿಎಸ್‌ನಲ್ಲಿ 22. ‘ಇದು ಯುಟಿಆರ್ ಅಲ್ಲ ಅನ್ಸುತ್ತೆ, ಅಪ್ರೂವಲ್ ಆಗಿದೆಯಾ ಒಮ್ಮೆ ನೋಡ್ತೀರಾ?’ ಅಂತ ಕೇಳಿದರೆ ಸಾಕು.

ಸರಿಯಾದ ಯುಟಿಆರ್ ಸಿಕ್ಕರೆ ಮೊದಲು ಸ್ಟೇಟ್‌ಮೆಂಟ್‌ನಲ್ಲಿ ಅದನ್ನೇ ಹುಡುಕಿ, ಸಿಗದಿದ್ದರೆ ನಿಮ್ಮ ಬ್ಯಾಂಕಿಗೆ ಕೊಡಿ. ನೆಫ್ಟ್ ಈಗ ದಿನದ 24 ಗಂಟೆಯೂ ಅರ್ಧ ಗಂಟೆಗೊಂದು ಬ್ಯಾಚ್‌ನಂತೆ ನಡೆಯುತ್ತದೆ. ಖಾತೆಗೆ ಜಮಾ ಮಾಡಲು ಆಗದಿದ್ದರೆ, ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಬ್ಯಾಂಕು ಅದನ್ನು ವಾಪಸ್ ಕಳಿಸಬೇಕು. ಹಾಗಾಗಿ ಮೊನ್ನೆ ಕಳಿಸಿದ್ದು ಇವತ್ತೂ ಕಾಣದಿದ್ದರೆ, ‘ನಿಮ್ಮ ಖಾತೆಗೇ ವಾಪಸ್ ಬಂದಿದೆಯಾ ನೋಡಿ ಸರ್’ ಅಂತ ಕೇಳಿ.

ಕೊನೆಯ ನಾಲ್ಕು ಅಂಕಿ ನಮ್ಮದಲ್ಲ ಅಂತಾದರೆ ಮಾತ್ರ ಇಮೇಲ್ ಬಿಟ್ಟು ತಕ್ಷಣ ಫೋನ್ ಮಾಡಿ, ಅದೂ ಹಳೆಯ ಪರಿಚಿತ ನಂಬರಿಗೆ. ಯಾರೋ ನಮ್ಮ ಹೆಸರಲ್ಲಿ ‘ಖಾತೆ ಬದಲಾಗಿದೆ’ ಅಂತ ಮೇಲ್ ಕಳಿಸಿರಬಹುದು. ಬೇರೆಯವರ ಖಾತೆಗೆ ಜಮಾ ಆದ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಗ್ರಾಹಕರು ಆಗಲೇ ತಮ್ಮ ಬ್ಯಾಂಕಿಗೆ ದೂರು ಕೊಡಬೇಕು, ಮೋಸ ಅಂತ ಕಂಡರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.