ಓದುಗರ ಪ್ರಶ್ನೆ: ಬಾತ್‌ರೂಮ್ ಗೋಡೆಯ ಗೂಡಿಗೆ ಟೈಲ್ಸ್ ಹಾಕಿದ್ರೆ ಸಾಕಾ?

ಪ್ರಶ್ನೆ: ನಮ್ಮ ಬಾತ್‌ರೂಮ್ 4 ಅಡಿಗೆ 7 ಅಡಿ. ಶಾಂಪೂ, ಸೋಪು, ಎಣ್ಣೆ ಬಾಟಲಿ ಎಲ್ಲ ನೆಲದ ಮೇಲೇ ಬಿದ್ದಿರುತ್ತವೆ. ಕಮೋಡ್ ಮೇಲೊಂದು ಶೆಲ್ಫ್, ಗೋಡೆಗೆ ಹುಕ್ ಹಾಕಿಸಬೇಕು, ಅದಕ್ಕೂ ಸಲಹೆ ಬೇಕು. ಶವರ್ ಪಕ್ಕದ ಗೋಡೆ ಒಡೆದು ಗೂಡು ಮಾಡಿಸೋಣ ಅಂತಿದ್ದೇವೆ. ಟೈಲ್ಸ್ ಹಾಕಿದ್ರೆ ಸಾಕು, ಇನ್ನೇನೂ ಬೇಡ ಅಂತಾರೆ ಮೇಸ್ತ್ರಿ. ಸರಿನಾ?

ಸರಿಯಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಬರೆಯುತ್ತೇನೆ.

ಟೈಲ್ ನೀರು ಕುಡಿಯಲ್ಲ, ನಿಜ. ಆದರೆ ಎರಡು ಟೈಲ್ ನಡುವಿನ ಸಂದಿ ಕುಡಿಯುತ್ತದೆ. ಅಲ್ಲಿ ತುಂಬುವುದು ಸಿಮೆಂಟಿನ ಗ್ರೌಟ್. ನಾಳೆ ಸ್ನಾನ ಆದ ಮೇಲೆ ನಿಮ್ಮ ಗೋಡೆಯನ್ನೇ ನೋಡಿ, ಸಂದಿಯ ಗೆರೆಗಳು ಕಪ್ಪಗಾಗಿರುತ್ತವೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೆಳ್ಳಗಾಗುತ್ತವೆ. ಆ ಕಪ್ಪು ಅಂದ್ರೆ ನೀರು ಒಳಗೆ ಹೋಗಿದೆ ಅಂತ. ನೆಟ್ಟಗಿನ ಗೋಡೆಯಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತೆ, ಅದಕ್ಕೇ ಅಷ್ಟಾಗಿ ಗೊತ್ತಾಗಲ್ಲ. ಗೂಡಿನ ತಳದಲ್ಲಿ ನೀರು ನಿಲ್ಲುತ್ತೆ, ಮೇಲೆ ಸೋಪು ಬೇರೆ ಸದಾ ಒದ್ದೆ. ಸಾಲದ್ದಕ್ಕೆ ಒಳಗೆ ಅಷ್ಟೊಂದು ಮೂಲೆಗಳು. ಗ್ರೌಟ್ ಮೊದಲು ಬಿರುಕು ಬಿಡುವುದೇ ಮೂಲೆಯಲ್ಲಿ.

ನಮ್ಮ ಮನೆಯಲ್ಲೇ ಆಗಿದ್ದು ಇದು. ಗೂಡಿನ ಹಿಂದೆ ಮಲಗುವ ಕೋಣೆಯ ವಾರ್ಡ್‌ರೋಬ್ ಇತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲೈವುಡ್ ಉಬ್ಬಿತು, ಗೋಡೆಯ ಪೇಂಟ್ ಮೇಲೆ ಉಪ್ಪಿನಂಥ ಬಿಳಿ ಪುಡಿ ಎದ್ದಿತು. ಮೇಸ್ತ್ರಿಯನ್ನು ಕರೆಸಿದರೆ, “ಟೈಲ್ಸ್ ಹಾಕಿದೀವಲ್ಲ ಸಾರ್, ನೀರು ಎಲ್ಲಿಂದ ಹೋಗ್ತದೆ?” ಅಂತ ನನ್ನನ್ನೇ ಕೇಳಿದರು.

“ಅಜ್ಜಿ ಮನೆ ಬಚ್ಚಲಲ್ಲೂ ಗೂಡಿತ್ತಲ್ಲ?” ಅಂತ ಬರೆಯುವವರಿಗೆ: ಇತ್ತು, ಸೀಗೆಪುಡಿ ಇಡ್ತಿದ್ರು. ಆ ಗೋಡೆ ಒಂದೂವರೆ ಅಡಿ ದಪ್ಪ, ಹಂಡೆ ಪಕ್ಕ ಕೂತು ಚೊಂಬಲ್ಲಿ ನೀರು ಹುಯ್ಕೊಳ್ತಿದ್ರು, ಗೂಡಿನ ಮಟ್ಟಕ್ಕೆ ನೀರು ಹಾರುತ್ತಲೇ ಇರಲಿಲ್ಲ. ಶವರ್ ಕೆಳಗಿನ ಗೂಡಿಗೆ ಆ ಲೆಕ್ಕ ನಡೆಯಲ್ಲ.

ಸರಿಯಾಗಿ ಮಾಡುವುದು ಹೀಗೆ. ಮೊದಲು ಬಾಗಿಲ ಚೌಕಟ್ಟಿನ ಹತ್ತಿರ ಗೋಡೆಯ ದಪ್ಪ ಅಳೆಯಿರಿ. ಶಾಂಪೂ ಬಾಟಲಿಗೆ ಗೂಡು 4 ಇಂಚು ಆಳ ಬೇಕು, ಗಾರೆ, ಟೈಲ್ ಸೇರಿ 5 ಇಂಚು ಕೊರೆಯಬೇಕಾಗುತ್ತೆ. 9 ಇಂಚಿನ ಗೋಡೆಯಾದರೆ ಆರಾಮ. ನಾಲ್ಕೂವರೆ ಇಂಚಿನ ಅಡ್ಡಗೋಡೆಯಾದರೆ ಆಸೆ ಬಿಟ್ಟು ಮೂಲೆಗೊಂದು ಗ್ರಾನೈಟ್ ತುಂಡು ಕೂರಿಸಿ. ಪಿಲ್ಲರ್ ಇರುವಲ್ಲಿ, ನಲ್ಲಿ ಮತ್ತು ಶವರ್‌ಗೆ ಪೈಪ್ ಹೋಗಿರುವ ದಾರಿಯಲ್ಲಿ ಕೈ ಹಾಕಲೇಬೇಡಿ. ಗೋಡೆಗಳೆಲ್ಲ ಕಾಂಕ್ರೀಟಿನವೇ ಆಗಿರುವ ಹೊಸ ಅಪಾರ್ಟ್‌ಮೆಂಟ್ ಆದರಂತೂ ಯಾವ ಗೋಡೆಯನ್ನೂ ಒಡೆಯುವ ಹಾಗಿಲ್ಲ.

ಕೊರೆದು ಗಾರೆ ಮಾಡಿದ ಮೇಲೆ ವಾಟರ್‌ಪ್ರೂಫಿಂಗ್ ಎರಡು ಕೋಟ್, ಮೂಲೆಗಳಿಗೆ ಫೈಬರ್ ಮೆಶ್. ಆ ಕೋಟ್ ಗೂಡಿನೊಳಗೇ ನಿಂತರೆ ಉಪಯೋಗವಿಲ್ಲ, ಸುತ್ತಲ ಗೋಡೆಗೂ ಆರು ಇಂಚು ಹರಡಬೇಕು. ಅಂದ್ರೆ ಸುತ್ತಲಿನ ಟೈಲ್ ಒಂದು ಸಾಲು ತೆಗೆಯಲೇಬೇಕು. ಮೇಸ್ತ್ರಿಗಳು ತಪ್ಪಿಸಿಕೊಳ್ಳುವುದು ಇಲ್ಲೇ! ಒಣಗಿದ ಮೇಲೆ ಬಾಯಿಗೆ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಅರ್ಧ ಇಂಚು ನೀರು ನಿಲ್ಲಿಸಿ, ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಒಂದು ದಿನ ಬಿಟ್ಟು ನೋಡಿದಾಗ ಮಟ್ಟ ಸುಮಾರಾಗಿ ಅಲ್ಲೇ ಇದ್ದರೆ ಟೈಲ್ ಅಂಟಿಸಿ. ತಳಕ್ಕೆ ಸಂದಿಯೇ ಇಲ್ಲದ ಹಾಗೆ ಒಂದೇ ತುಂಡು ಗ್ರಾನೈಟ್, ಹೊರಗಡೆಗೆ ಸ್ವಲ್ಪ ಇಳಿಜಾರು, ಒಂದೆರಡು ಮಿಲಿಮೀಟರ್ ಸಾಕು. ಉಳಿದ ಸಂದಿಗಳಿಗೆ ಎಪಾಕ್ಸಿ ಗ್ರೌಟ್.

ಕಮೋಡ್ ಮೇಲಿನ ಶೆಲ್ಫ್ ಬಗ್ಗೆ ಇಷ್ಟೇ: ಫ್ಲಶ್ ಟ್ಯಾಂಕ್ ಮುಚ್ಚಳ ಎತ್ತಿ ಕೈ ಹಾಕಿ ರಿಪೇರಿ ಮಾಡುವಷ್ಟು, ಅಂದ್ರೆ ಒಂದು ಅಡಿ ಜಾಗ ಬಿಡಿ. ಆಳ 6 ಇಂಚಿಗಿಂತ ಜಾಸ್ತಿ ಬೇಡ, ಏಳುವಾಗ ತಲೆಗೆ ಬಡಿಯುತ್ತೆ. ಮೇಲೆ ಗೀಸರ್ ಇದ್ದರೆ ಅದರ ಸೇಫ್ಟಿ ವಾಲ್ವ್ ಕೆಳಗೆ ಏನೂ ಇಡಬೇಡಿ, ಅದು ಆಗಾಗ ಬಿಸಿನೀರು ಚೆಲ್ಲುತ್ತೆ.

ಹುಕ್‌ಗೆ ತೂತು ಕೊರೆಯುವಾಗ ಟೈಲ್ ದಾಟುವ ತನಕ ಡ್ರಿಲ್‌ನ ಹ್ಯಾಮರ್ ಆಫ್ ಇರಲಿ, ಇಲ್ಲದಿದ್ದರೆ ಟೈಲ್ ಸೀಳುತ್ತೆ. ಪ್ಲಗ್ ತೂರಿಸುವ ಮೊದಲು ತೂತಿಗೆ ಸಿಲಿಕೋನ್ ತುಂಬಿ. ಅಂಟಿಸುವ ಹುಕ್ ಬೋರ್‌ವೆಲ್ ನೀರಿನ ಬಿಳಿ ಕಲೆ ಕಟ್ಟಿದ ಟೈಲ್ ಮೇಲೆ ನಿಲ್ಲಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಟವೆಲ್ ವಾಸನೆ ಬರುವುದಕ್ಕೆ ಎಷ್ಟೋ ಸಲ ಸೋಪು ಕಾರಣವಲ್ಲ, ಆ ಹುಕ್ಕೇ ಕಾರಣ. ಹುಕ್‌ಗೆ ನೇತುಹಾಕಿದ ಟವೆಲ್ ಮಡಿಕೆ ಮಡಿಕೆಯಾಗಿ ಮುದುಡಿಕೊಳ್ಳುತ್ತೆ, ಒಳಗಿನ ಮಡಿಕೆಗೆ ಗಾಳಿಯೇ ಆಡಲ್ಲ. ಬಾತ್‌ರೂಮ್ ಒಳಗೆ ಎರಡು ಅಡಿಯ ರಾಡ್‌ಗೆ ಜಾಗ ಇಲ್ಲ ಅಂದ್ರೆ ಬಾಗಿಲಿನ ಹೊರಗೆ ಹಾಕಿಸಿ. ಹುಕ್‌ಗೆ ನೈಟಿ, ಬನಿಯನ್ನು ನೇತುಹಾಕಿ, ಟವೆಲ್ ಅಲ್ಲ.