ಖಾಲಿ ನದಿಗೆ ಎಷ್ಟು ಅಂಕ?

ಒಂಬತ್ತನೆಯ ತರಗತಿಗೆ ಮನೆಗೆಲಸವಾಗಿ ಕೊಟ್ಟಿದ್ದ ಪ್ರಶ್ನೆ ಇದು: ‘ಕಾಳಿ ನದಿಯ ಹರಿವು ಮತ್ತು ಉಪಯೋಗಗಳನ್ನು ವಿವರಿಸಿ’. ನಾಲ್ಕು ಅಂಕ. ಕಾರವಾರದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಕೊಡುವುದು ಕಷ್ಟ. ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಬಂದ ಉತ್ತರಗಳಲ್ಲಿ ಒಂದು ಹೀಗಿತ್ತು:

‘ಖಾಲಿ ನದಿ ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುತ್ತದೆ ಸೂಪ ಕದ್ರ ಇಲ್ಲೆಲ್ಲ ಅಣೆಕಟ್ಟು ಕಟ್ಟಿದ್ದಾರೆ ಕರೆಂಟು ಮಾಡುತ್ತಾರೆ ಕೈಗೆ ಅಣು ವಿದ್ಯುತ್ ಸ್ಥಾವರಕ್ಕೆ ಇದೇ ನೀರು ಬೇಕು ಸದಾಶಿವಗಡದ ಹತ್ತಿರ ಸಮುದ್ರ ಸೇರುತ್ತದೆ’.

ಇನ್ನೊಂದು ಹೀಗಿತ್ತು:

‘ಕಾಳಿ ನದಿಯು ಹಿಮಾಲಯದ ಕಾಲಾಪಾನಿ ಪ್ರದೇಶದಲ್ಲಿ ಉಗಮಿಸಿ, ಭಾರತ ಮತ್ತು ನೇಪಾಳದ ಗಡಿಯುದ್ದಕ್ಕೂ ಹರಿಯುತ್ತದೆ. ಈ ಪ್ರದೇಶದ ಜನರ ಜೀವನಾಡಿಯಾಗಿರುವ ಇದು ಕೃಷಿ, ಕುಡಿಯುವ ನೀರು ಮತ್ತು ವಿದ್ಯುತ್ ಉತ್ಪಾದನೆಯಲ್ಲಿ ಮಹತ್ವದ ಪಾತ್ರ ವಹಿಸುತ್ತದೆ.’

ಎರಡನೆಯದರಲ್ಲಿ ಒಂದು ಕಾಗುಣಿತ ದೋಷವೂ ಇಲ್ಲ. ಮೊದಲನೆಯದರಲ್ಲಿ ಪೂರ್ಣವಿರಾಮವೇ ಇಲ್ಲ. ಮೂವತ್ತು ನಲವತ್ತು ಉತ್ತರಗಳನ್ನು ರಾತ್ರಿ ಕುಳಿತು ನೋಡುವ ಶಿಕ್ಷಕರ ಕೆಂಪು ಶಾಯಿ ಸಹಜವಾಗಿಯೇ ಮೊದಲನೆಯದರ ಮೇಲೆ ಹರಿಯುತ್ತದೆ. ನಾನು ಮೊದಲನೆಯದಕ್ಕೆ ಮೂರೂವರೆ ಕೊಟ್ಟೆ, ಎರಡನೆಯದಕ್ಕೆ ಸೊನ್ನೆ. ಈ ಲೆಕ್ಕ ಹೇಗೆ ಬಂತು ಎಂದು ಸಹೋದ್ಯೋಗಿಗಳೂ ಪಾಲಕರೂ ಕೇಳಿದ್ದರಿಂದ ವಿವರಿಸುತ್ತಿದ್ದೇನೆ.

ಮೊದಲನೆಯ ಹುಡುಗ ಫೋನಿಗೆ ಬಾಯಿಯಲ್ಲಿ ಹೇಳಿ ಬರೆಸಿದ್ದಾನೆ. ಹೀಗೆ ಹೇಳಲು ಆಧಾರ ಅವನ ತಪ್ಪುಗಳ ಸ್ವರೂಪ. ‘ಖಾಲಿ’, ‘ಕೈಗೆ’ ಎರಡೂ ಕನ್ನಡದಲ್ಲಿ ಸರಿಯಾಗಿಯೇ ಇರುವ ಪದಗಳು, ಬಂದು ಕೂತ ಜಾಗ ಮಾತ್ರ ತಪ್ಪು. ಮಗು ಕೈಯಾರೆ ಬರೆಯುವಾಗ ಮಾಡುವ ತಪ್ಪು ಬೇರೆ ಬಗೆಯದು: ‘ವಿದ್ಯತ್’, ‘ಸಮೂದ್ರ’, ‘ಅಣೆಕಟು’. ಇಂಥ ಪದಗಳು ಯಾವ ನಿಘಂಟಿನಲ್ಲಿಯೂ ಸಿಗುವುದಿಲ್ಲ. ಫೋನು ಕೇಳಿದ ಧ್ವನಿಗೆ ಹತ್ತಿರವಿರುವ, ತನಗೆ ಹೆಚ್ಚು ಪರಿಚಯವಿರುವ ಪದವನ್ನು ಆರಿಸುತ್ತದೆ. ಹಾಗಾಗಿ ಅದು ಎಡವುವುದು ಊರು, ಹೊಳೆ, ಗುಡ್ಡಗಳ ಹೆಸರಿನಲ್ಲಿ. ಇದೇ ಕಂತೆಯಲ್ಲಿ ಗಂಗಾವಳಿ ನದಿ ‘ಗಂಗಾವತಿ’ಯಾಗಿ ಕೊಪ್ಪಳ ಜಿಲ್ಲೆಗೆ ಹೋಗಿತ್ತು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳ ಉತ್ತರಗಳಲ್ಲಿ ಇಂಥವು ಇನ್ನೂ ಹೆಚ್ಚು ಕಾಣುತ್ತವೆ. ಅವರ ಉಚ್ಚಾರದ ಎಳೆತ ಯಂತ್ರಕ್ಕೆ ಒಗ್ಗುವುದಿಲ್ಲ; ಅದಕ್ಕಾಗಿ ಅಂಕ ಕಳೆಯುವುದು ಮನೆಮಾತಿಗೆ ದಂಡ ಹಾಕಿದಂತೆ.

ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡಕ್ಕೆ ತಿರುಗಿಸುವ ಕೀಲಿಮಣೆಯದು ಸ್ವಲ್ಪ ಬೇರೆ ಕತೆ. bele ಎಂದು ಒತ್ತಿದರೆ ‘ಬೆಲೆ’, ‘ಬೆಳೆ’, ‘ಬೇಳೆ’ ಎಂದು ಸಾಲಾಗಿ ಬರುತ್ತವೆ, ಆತುರದ ಬೆರಳು ಮೊದಲನೆಯದನ್ನು ಮುಟ್ಟುತ್ತದೆ. ‘ಗದ್ದೆಯಲ್ಲಿ ಭತ್ತದ ಬೆಲೆ ತೆಗೆಯುತ್ತಾರೆ’ ಎಂಬ ವಾಕ್ಯ ಹುಟ್ಟುವುದು ಹೀಗೆ. ತಟ್ಟಿಹಳ್ಳ ‘ತಟ್ಟಿಹಲ್ಲ’ವಾಗುತ್ತದೆ. ಲ-ಳ, ನ-ಣ, ಶ-ಷ, ಹ್ರಸ್ವ-ದೀರ್ಘಗಳಲ್ಲಿ ಮಾತ್ರ ತಪ್ಪಿದ್ದು ಉಳಿದುದೆಲ್ಲ ಸರಿಯಿದ್ದರೆ ಕೀಲಿಮಣೆಯ ಮೇಲೆ ಅನುಮಾನಪಡಬೇಕು. ಖಚಿತಪಡಿಸಿಕೊಳ್ಳಲು ಮರುದಿನ ಅದೇ ಪದವನ್ನು ಹಲಗೆಯ ಮೇಲೆ ಬರೆಸಿದರೆ ಸಾಕು. ಕೈಯಲ್ಲಿ ‘ಬೆಳೆ’ ಸರಿಯಾಗಿ ಬಂದರೆ ಆ ತಪ್ಪು ಬೆರಳಿನದು. ಅಲ್ಲಿಯೂ ‘ಬೆಲೆ’ ಎಂದೇ ಬಂದರೆ ಲ-ಳ ಕಲಿಸುವ ಕೆಲಸ ನಮಗೆ ಬಾಕಿಯಿದೆ. ಕನ್ನಡ ಭಾಷಾ ವಿಷಯದಲ್ಲಿ ಈ ಎರಡನೆಯದಕ್ಕೆ ಅಂಕ ಕಳೆಯುವುದು ನ್ಯಾಯ. ಸಮಾಜ ವಿಜ್ಞಾನದಲ್ಲಿ ನಾನು ಗುರುತು ಹಾಕುತ್ತೇನೆ, ಕಳೆಯುವುದಿಲ್ಲ.

ಈಗ ಆ ಮೂರೂವರೆಯ ವಿಚಾರ. ಹೆಸರುಗಳನ್ನು ತಿದ್ದಿಕೊಂಡು ಓದಿದರೆ ಹುಡುಗ ಬರೆಸಿದ ಪ್ರತಿಯೊಂದು ಸಂಗತಿಯೂ ಸರಿ. ನದಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ, ಸೂಪಾದಿಂದ ಕದ್ರಾವರೆಗಿನ ಅಣೆಕಟ್ಟುಗಳ ಮುಖ್ಯ ಉದ್ದೇಶ ವಿದ್ಯುತ್ತು, ಕೈಗಾ ಸ್ಥಾವರ ನೀರು ಪಡೆಯುವುದು ಕದ್ರಾ ಜಲಾಶಯದಿಂದ. ಸಂಗತಿಗಳ ಅನುಕ್ರಮವೂ ಮೂಲದಿಂದ ಮುಖದವರೆಗೆ ಕ್ರಮವಾಗಿದೆ. ವಾಕ್ಯಗಳನ್ನು ಬಿಡಿಸದೆ, ಕಳಿಸುವ ಮೊದಲು ಓದದೆ ಬಿಟ್ಟಿದ್ದಕ್ಕೆ ಅರ್ಧ ಅಂಕ ಕಳೆದೆ.

ಎರಡನೆಯ ಉತ್ತರ ಕೃತಕ ಬುದ್ಧಿಮತ್ತೆಯ ಆ್ಯಪ್‌ನಿಂದ ಬಂದದ್ದು. ಅದರಲ್ಲಿರುವ ಕಾಳಿ ಎಂಬ ನದಿಯೂ ಇದೆ, ಅದು ಉತ್ತರಾಖಂಡದ್ದು. ಪ್ರಶ್ನೆಯಲ್ಲಿ ಜಿಲ್ಲೆಯ ಹೆಸರು ಇಲ್ಲದ್ದರಿಂದ ಯಂತ್ರ ಅದನ್ನು ಹಿಡಿದುಕೊಂಡಿದೆ. ನದಿ ತಪ್ಪಿದ್ದು ಹೇಗೂ ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ನೋಡಬೇಕಾದದ್ದು ಎರಡನೆಯ ವಾಕ್ಯ. ಅದರಲ್ಲಿ ಕಾಳಿಯನ್ನು ತೆಗೆದು ಕಾವೇರಿಯನ್ನೋ ಗೋದಾವರಿಯನ್ನೋ ಇಟ್ಟರೆ ಏನೂ ಕೆಡುವುದಿಲ್ಲ. ನಮ್ಮ ಕಾಳಿಯ ಬಗ್ಗೆಯೇ ಕೇಳಿದ್ದರೂ ಈ ವಾಕ್ಯ ಹೀಗೆಯೇ ಬರುತ್ತಿತ್ತು, ಕೃಷಿಯನ್ನು ಮೊದಲಿಗೇ ಕೂರಿಸುತ್ತಿತ್ತು. ಹೆಸರು ಬದಲಿಸಿದರೂ ನಿಲ್ಲುವ ವಾಕ್ಯಕ್ಕೆ ನಾನು ಅಂಕ ಕೊಡುವುದಿಲ್ಲ, ಅದನ್ನು ಮಗು ಬರೆದಿರಲಿ, ಗೈಡ್ ಪುಸ್ತಕ ಬರೆದಿರಲಿ. ಈ ಬಗೆಯ ವಾಕ್ಯ ಫೋನಿನ ಜೊತೆ ಹುಟ್ಟಿದ್ದೇನೂ ಅಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಭಾಷಣಗಳಲ್ಲಿ ಅದು ಬಹಳ ಕಾಲದಿಂದ ಇದೆ.

ಆ ಹುಡುಗಿಯನ್ನು ಕರೆದು ಬೈಯಲಿಲ್ಲ. ಕೋಡಿಬಾಗದಿಂದ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗುವಾಗ ಸಮುದ್ರ ಯಾವ ಕೈಗೆ ಬರುತ್ತದೆ ಎಂದು ಕೇಳಿದೆ. ‘ಎಡಗೈಗೆ, ಅಕ್ಕೋರೇ’ ಎಂದಳು. ಹಳೆಯ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದು ಲಾರಿ ನೀರಿಗೆ ಬಿದ್ದ ರಾತ್ರಿಯನ್ನೂ ತಾನಾಗಿಯೇ ಹೇಳಿದಳು. ನದಿ ಗೊತ್ತಿದೆ, ಉತ್ತರದಲ್ಲಿ ಮಾತ್ರ ಇಲ್ಲ. ಸೊನ್ನೆಯನ್ನು ಪೆನ್ಸಿಲಿನಲ್ಲಿ ಹಾಕಿ, ಜಿಲ್ಲೆಯ ನಕ್ಷೆ ಎದುರಿಗಿಟ್ಟುಕೊಂಡು ಮತ್ತೆ ಬರೆಯಲು ಹೇಳಿದೆ.

ಫೋನಿನಲ್ಲಿ ಬಂದುದನ್ನು ನೋಟ್‌ಬುಕ್ಕಿಗೆ ನಕಲು ಮಾಡಿದ್ದರೆ ಪತ್ತೆ ಕಷ್ಟ ಎನ್ನುವವರಿದ್ದಾರೆ. ನನಗೆ ಅದೇ ಸುಲಭ. ಕಣ್ಣಿನಿಂದ ನಕಲು ಮಾಡಿದಾಗ ಆಕಾರದಲ್ಲಿ ಹೋಲುವ ಅಕ್ಷರಗಳು ಅದಲು ಬದಲಾಗುತ್ತವೆ. ಸಣ್ಣ ಪರದೆಯ ‘ಘಟ್ಟ’ ಪುಸ್ತಕದಲ್ಲಿ ‘ಫಟ್ಟ’ವಾಗುತ್ತದೆ, ತನ್ನಷ್ಟಕ್ಕೆ ಬರೆಯುವ ಮಗು ಇದನ್ನು ಮಾಡುವುದಿಲ್ಲ, ಕಿವಿಗೆ ಅವೆರಡೂ ದೂರ ದೂರ. ಒಬ್ಬ ‘ಸೂಪಾದಲ್ಲಿ ಕಾಳಿ ನದಿಯು ಕಾರವಾರದ ಬಳಿ ಸಮುದ್ರ ಸೇರುತ್ತದೆ’ ಎಂದು ಬರೆದಿದ್ದ. ಮೂಲದಲ್ಲಿ ಇದ್ದುದು ಎರಡು ವಾಕ್ಯ: ‘ಸೂಪಾದಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಲಾಗಿದೆ. ಕಾಳಿ ನದಿಯು ಕಾರವಾರದ ಬಳಿ ಸಮುದ್ರ ಸೇರುತ್ತದೆ.’ ಮೊದಲ ‘ಕಾಳಿ ನದಿ’ಯಿಂದ ಎರಡನೆಯದಕ್ಕೆ ಕಣ್ಣು ಜಿಗಿದು ನಡುವಿನದು ಬಿದ್ದುಹೋಗಿದೆ. ಓಲೆಗರಿಯ ಲಿಪಿಕಾರರೂ ಹೀಗೆ ಜಿಗಿದದ್ದುಂಟು, ಗ್ರಂಥ ಸಂಪಾದಕರನ್ನು ಕೇಳಿ. ಅರ್ಥ ತಿಳಿದು ಬರೆದವನಾದರೆ ಸೂಪಾಕ್ಕೆ ಸಮುದ್ರ ಬಂದಲ್ಲಿ ಪೆನ್ನು ನಿಲ್ಲಬೇಕಿತ್ತು. ಅವನಿಗೆ ಒಂದು ಅಂಕ.

ಪ್ರಶ್ನೆಯನ್ನೂ ಈಗ ಬದಲಿಸಿದ್ದೇನೆ. ‘ನಿಮ್ಮ ಮನೆಗೆ ಅತಿ ಹತ್ತಿರದ ಹಳ್ಳ ಎಲ್ಲಿಂದ ಬಂದು ಯಾವ ನದಿಗೆ ಸೇರುತ್ತದೆ? ಅದರ ನೀರನ್ನು ಯಾರು, ಯಾವ ತಿಂಗಳಲ್ಲಿ ಬಳಸುತ್ತಾರೆ?’ ಎಂದು ಕೇಳುತ್ತೇನೆ. ಫೋನಿಗೆ ಹೇಳಿ ಬರೆಸಿದರೂ ನನ್ನ ಅಭ್ಯಂತರವಿಲ್ಲ, ಕಳಿಸುವ ಮೊದಲು ಒಮ್ಮೆ ಗಟ್ಟಿಯಾಗಿ ಓದಿ ತಿದ್ದಿರಬೇಕು. ಆ್ಯಪ್‌ನಿಂದ ತೆಗೆದು, ನಕ್ಷೆಯೊಂದಿಗೆ ಹೋಲಿಸಿ, ತಪ್ಪು ನದಿಯನ್ನು ಹೊರಗಿಟ್ಟು, ಅಜ್ಜನನ್ನು ಕೇಳಿ ಎರಡು ಸಾಲು ಸೇರಿಸಿ ತಂದ ಮಗುವನ್ನು ನನ್ನ ಈ ಯಾವ ಲಕ್ಷಣದಿಂದಲೂ ಪತ್ತೆ ಮಾಡಲಾಗುವುದಿಲ್ಲ. ಅಂಥ ಉತ್ತರಕ್ಕೆ ಪೂರ್ತಿ ನಾಲ್ಕು ಕೊಡುತ್ತೇನೆ.